ಪ್ರೂಫ್ ಕೊಡದೆ ಜನವರಿ ಸಂಬಳದಲ್ಲಿ 24 ಸಾವಿರ ಕಡಿತ: ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು: ಯಶವಂತಪುರ ಪ್ಯಾಸೆಂಜರ್

ಬೆಂಗಳೂರಲ್ಲಿ ಖಾಸಗಿ ಕಂಪನಿ ಕೆಲಸ. ತಿಂಗಳಿಗೆ ಗ್ರಾಸ್ ಒಂದು ಲಕ್ಷ, ಬೇಸಿಕ್ 50,000, ಎಚ್‌ಆರ್‌ಎ 20,000, ಪಿಎಫ್ 6,000. ಬೇರೆ ಆದಾಯ ಇಲ್ಲ. 2025ರ ಏಪ್ರಿಲ್‌ನಲ್ಲಿ ಹಳೆ ತೆರಿಗೆ ರಿಜೀಮ್ ಆರಿಸಿ 22,000 ಬಾಡಿಗೆ, ಎಲ್‌ಐಸಿ 36,000, ಮಗಳ ಸ್ಕೂಲ್ ಫೀ 42,000, ಹೆಲ್ತ್ ಇನ್ಶೂರೆನ್ಸ್ 25,000 ಡಿಕ್ಲೇರ್ ಮಾಡಿದ್ದೆ. ಡಿಸೆಂಬರ್‌ವರೆಗೆ ಕೈಗೆ 88,063 ಬರುತ್ತಿತ್ತು. ಅಪ್ಪನ ಆಪರೇಷನ್ ಇದ್ದಿದ್ದರಿಂದ ರಸೀದಿ ಅಪ್‌ಲೋಡ್ ಮಾಡಲು ಆಗಲಿಲ್ಲ, ಪೋರ್ಟಲ್ ಮುಚ್ಚಿತು. ಜನವರಿಗೆ ಬಂದಿದ್ದು 64,159. ಇನ್ನೆರಡು ತಿಂಗಳೂ ಹೀಗೇನಾ? ಹೋದ ದುಡ್ಡು ವಾಪಸ್ ಬರುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕೊಪ್ಪದ ಹುಡುಗ

ನೀವು ಅಪ್‌ಲೋಡ್ ಮಾಡಿದ್ದರೂ ಏನಾಗುತ್ತಿತ್ತೋ ಹೇಳಕ್ಕಾಗಲ್ಲ ಸಾರ್. ನಾನು ಎಲ್ಲ ರಸೀದಿ ಹೊತ್ತಿಗೆ ಸರಿಯಾಗಿ ಹಾಕಿದ್ದೆ, ಆದರೂ ಎಚ್‌ಆರ್‌ಎ ಪೂರ್ತಿ ತಳ್ಳಿಹಾಕಿದರು. ಕಾರಣ ಓನರ್ ಪ್ಯಾನ್ ನಂಬರ್. ವರ್ಷಕ್ಕೆ ಒಂದು ಲಕ್ಷ ದಾಟಿದರೆ ಅದು ಬೇಕೇ ಬೇಕು ಅಂತಾರಲ್ಲ. ನನ್ನ ಬಾಡಿಗೆ 18,000. ಓನರ್ ಹತ್ತಿರ ಹೋಗಿ ಕೇಳಿದರೆ, "ಪ್ಯಾನ್ ಕೊಡ್ತೀನಿ, ಮುಂದಿನ ತಿಂಗಳಿಂದ 1,500 ಜಾಸ್ತಿ ಕೊಡಿ" ಅಂದ್ರು. ಮೂರು ವರ್ಷದಿಂದ ಒಂದು ದಿನ ತಡ ಮಾಡದೆ ಬಾಡಿಗೆ ಹಾಕಿದವನಿಗೆ ಈ ಮಾತು! ನಾನು ಬಗ್ಗಲಿಲ್ಲ. ತಿಂಗಳಿಗೆ 8,333 ಅಂತ ರಸೀದಿ ಬರೆದು ಕೊಟ್ಟೆ, ವರ್ಷಕ್ಕೆ 99,996 ಆಯ್ತು, ಪ್ಯಾನ್ ಕೇಳಲಿಲ್ಲ. ನನ್ನ ಬೇಸಿಕ್ 40,000, ಎಚ್‌ಆರ್‌ಎ 16,000. ನಿಜವಾದ ಬಾಡಿಗೆ ತೋರಿಸಿದ್ದರೆ 1,68,000 ವಿನಾಯಿತಿ ಸಿಗುತ್ತಿತ್ತು, ಸಿಕ್ಕಿದ್ದು 51,996. ತೆರಿಗೆ 24,129 ಜಾಸ್ತಿ ಹೋಯ್ತು, ಅದೂ ಫೆಬ್ರವರಿ ಮಾರ್ಚ್ ಎರಡೇ ತಿಂಗಳಲ್ಲಿ. ಆದರೂ ಆ ಮನುಷ್ಯನಿಗೆ ಒಂದು ಪೈಸೆ ಜಾಸ್ತಿ ಕೊಡಲಿಲ್ಲ.

ದಾದರ್ ಕನ್ನಡಿಗ

@ಕೊಪ್ಪದ ಹುಡುಗ, 1,500ರಂತೆ ವರ್ಷಕ್ಕೆ 18,000. ತೆರಿಗೆ ಹೋಗಿದ್ದು 24,129. ಓನರ್ ಹೇಳಿದ್ದಕ್ಕೆ ಒಪ್ಪಿದ್ದರೆ ನಿಮಗೇ ಆರು ಸಾವಿರ ಉಳೀತಿತ್ತಲ್ಲ.

ಕೊಪ್ಪದ ಹುಡುಗ

ಬಾಡಿಗೆ ಒಮ್ಮೆ ಏರಿದರೆ ಇಳಿಯುತ್ತದಾ? ಮುಂದಿನ ವರ್ಷ ಆ 19,500ರ ಮೇಲೆ ಮತ್ತೆ ಶೇ. 5 ಏರಿಸುತ್ತಾರೆ. ತೆರಿಗೆ ಒಂದು ವರ್ಷದ್ದು, ಬಾಡಿಗೆ ಪ್ರತಿ ತಿಂಗಳದ್ದು. ಲೆಕ್ಕ ನನಗೂ ಬರುತ್ತದೆ.

ಪೇರೋಲ್ ಟೇಬಲ್

ನಾನು ಈ ಕೆಲಸದಲ್ಲೇ ಇರುವವಳು. ಪ್ರತಿ ಜನವರಿ ಮಾರ್ಚ್ ನಮ್ಮ ಟೇಬಲ್ ಮುಂದೆ ನಿಂತು ಕೂಗಾಡುವವರಿಗೆ ಹೇಳಿ ಹೇಳಿ ಸಾಕಾಗಿದೆ, ಆದರೂ ಇಲ್ಲಿ ಒಮ್ಮೆ ಪೂರ್ತಿ ಬರೆಯುತ್ತೇನೆ. ಏಪ್ರಿಲ್‌ನಲ್ಲಿ ನೀವು ತುಂಬಿದ್ದು ಬರೀ ಮಾತು. ಅದನ್ನು ನಂಬಿ ಒಂಬತ್ತು ತಿಂಗಳು ಕಡಿಮೆ ತೆರಿಗೆ ಹಿಡಿಯುತ್ತೇವೆ. ಪ್ರೂಫ್ ಬರದಿದ್ದರೆ ಸಾಫ್ಟ್‌ವೇರ್ ಆ ಕಾಲಂಗಳನ್ನೆಲ್ಲ ಸೊನ್ನೆ ಮಾಡಿ ಇಡೀ ವರ್ಷದ ತೆರಿಗೆಯನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಅದರಲ್ಲಿ ಆಗಲೇ ಹಿಡಿದಿದ್ದನ್ನು ಕಳೆದು, ಉಳಿದದ್ದನ್ನು ಉಳಿದ ತಿಂಗಳುಗಳಿಗೆ ಹಂಚುತ್ತದೆ. ಜನವರಿಯಲ್ಲಿ ಹಿಡಿದಿದ್ದು ಜನವರಿ ತೆರಿಗೆ ಅಂತ ಜನ ತಿಳಿದುಕೊಳ್ಳುತ್ತಾರೆ. ಅದರಲ್ಲಿ ಬಹುಪಾಲು ಏಪ್ರಿಲ್‌ನಿಂದ ಬಿಟ್ಟುಕೊಂಡು ಬಂದ ಬಾಕಿ.

ಅದಕ್ಕೇ ಜನವರಿಯಲ್ಲೇ ಶುರುವಾದರೆ ಮೂರು ಭಾಗ ಆಗುತ್ತದೆ, ಮಾರ್ಚ್‌ವರೆಗೆ ಎಳೆದರೆ ಒಂದೇ ಏಟು. "ಇನ್ನೂ ಸ್ವಲ್ಪ ಟೈಮ್ ಕೊಡಿ ಮೇಡಂ" ಅನ್ನುವವರಿಗೆ ಮಾರ್ಚ್ ಪೇಸ್ಲಿಪ್ ಹೇಗಿರುತ್ತದೆ ಅನ್ನುವ ಅಂದಾಜೇ ಇರಲ್ಲ. ಮಾರ್ಚ್ ತಿಂಗಳಿನದನ್ನು ನಾವು ಏಪ್ರಿಲ್ 30ರೊಳಗೆ ಸರ್ಕಾರಕ್ಕೆ ಕಟ್ಟಬೇಕು, ಮೇ 31ರೊಳಗೆ ಯಾರಿಂದ ಎಷ್ಟು ಹಿಡಿದೆವು ಅನ್ನುವ ಲೆಕ್ಕ, ಅಂದರೆ 24Q ಹಾಕಬೇಕು. ಕಡಿಮೆ ಹಿಡಿದರೆ ಬಡ್ಡಿ ಕಂಪನಿ ತಲೆ ಮೇಲೆ. ನಮ್ಮ ಮನೆಗೆ ಯಾರೂ ದುಡ್ಡು ಒಯ್ಯುವುದಿಲ್ಲ.

ಇನ್ನು ಅಪ್‌ಲೋಡ್ ಮಾಡಿದವರದ್ದು ಯಾಕೆ ರಿಜೆಕ್ಟ್ ಆಗುತ್ತದೆ ಅಂದರೆ: ಸ್ಕೂಲ್ ರಸೀದಿಯಲ್ಲಿ ಟ್ಯೂಷನ್ ಫೀ ಬೇರೆ ಬರೆದಿರುವುದಿಲ್ಲ, ಬಸ್ಸು, ಯೂನಿಫಾರ್ಮ್, ಡೊನೇಷನ್ ಎಲ್ಲ ಸೇರಿಸಿ ಒಂದೇ ಮೊತ್ತ. ಅಪ್ಪ ಅಮ್ಮನ ಹೆಸರಿನ ಜೀವವಿಮೆ ತಂದು ಕೊಡುತ್ತಾರೆ, 80ಸಿಯಲ್ಲಿ ಅದು ನಡೆಯಲ್ಲ, ಹೆಂಡತಿ ಮಕ್ಕಳದ್ದು ನಡೆಯುತ್ತದೆ. ಹೆಲ್ತ್ ಇನ್ಶೂರೆನ್ಸ್ ಆದರೆ ಅಪ್ಪ ಅಮ್ಮನದ್ದೂ ನಡೆಯುತ್ತದೆ, ಆದರೆ ಕ್ಯಾಶ್ ಕಟ್ಟಿದ್ದರೆ ಇಲ್ಲ.

ಹಳೇ ಪಾಲಿಸಿ

ಎಲ್ಲರಿಗೂ ನನ್ನದೊಂದು ಎಚ್ಚರಿಕೆ. 2019ರಲ್ಲಿ ಹೀಗೇ ಸಂಬಳ ಕುಸಿದಾಗ ಒಬ್ಬ ಏಜೆಂಟ್ ನಮ್ಮ ಆಫೀಸಿನ ಕ್ಯಾಂಟೀನ್‌ನಲ್ಲೇ ಕೂತು ಫಾರ್ಮ್ ತುಂಬಿಸಿದ. ವರ್ಷಕ್ಕೆ 50,000 ಪ್ರೀಮಿಯಂ, 20 ವರ್ಷ. ಆ ಮಾರ್ಚ್‌ನಲ್ಲಿ ನನಗೆ ಉಳಿದ ತೆರಿಗೆ 10,400. ಮುಂದಿನ ವರ್ಷ ಕೊರೊನಾ, ಸಂಬಳ ಅರ್ಧ, ಎರಡನೇ ಕಂತು ಕಟ್ಟಲು ಆಗಲಿಲ್ಲ. ಒಂದೇ ಕಂತು ಕಟ್ಟಿದ ಪಾಲಿಸಿಗೆ ಸರೆಂಡರ್ ವ್ಯಾಲ್ಯೂನೇ ಇಲ್ಲ ಅಂತ ಆಗ ಅಂದರು. 50,000 ಪೂರ್ತಿ ಹೋಯ್ತು. ಅಷ್ಟಕ್ಕೇ ಮುಗಿಯಲಿಲ್ಲ. ಎರಡು ವರ್ಷ ಕಟ್ಟದೆ ನಿಲ್ಲಿಸಿದರೆ ಮೊದಲು ತಗೊಂಡ 80ಸಿ ವಿನಾಯಿತಿಯೂ ವಾಪಸ್ ಆದಾಯಕ್ಕೆ ಸೇರುತ್ತದೆ ಅಂತ ರಿಟರ್ನ್ ಹಾಕುವವರು ಹೇಳಿದರು. ಉಳಿಸಿದ 10,400ನ್ನೂ ಕಟ್ಟಿದೆ. ಈ ಮಾತನ್ನು ಆ ಏಜೆಂಟ್ ಯಾವತ್ತೂ ಹೇಳಿರಲಿಲ್ಲ, ಫೋನೂ ಎತ್ತಲಿಲ್ಲ.

ಡೆವಲಪ್‌ಮೆಂಟ್ ಆಫೀಸರ್ ಮಗ

ಅಣ್ಣಾ, ಒಬ್ಬ ಮಾಡಿದ್ದಕ್ಕೆ ಎಲ್ಲರಿಗೂ ಬಳಿಯಬೇಡಿ. ನಮ್ಮಪ್ಪ ಇದೇ ಕೆಲಸದಲ್ಲಿ ನಮ್ಮನ್ನೆಲ್ಲ ಓದಿಸಿದರು. ಮಾರ್ಚ್ 28ಕ್ಕೆ ಫೋನ್ ಮಾಡಿ "ಏನಾದರೂ ಒಂದು ಪಾಲಿಸಿ ಹಾಕಿ, ನಾಳೆ ರಸೀದಿ ಬೇಕು" ಅನ್ನುವವರು ನೀವೇ. 20 ವರ್ಷದ ಕಾಗದಕ್ಕೆ ಸಹಿ ಹಾಕುವಾಗ ಓದಬೇಕಾದವರೂ ನೀವೇ.

ಹಳೇ ಪಾಲಿಸಿ

ಕ್ಯಾಂಟೀನ್‌ಗೆ ಬಂದವನು ಅವನು, ನಾನು ಫೋನ್ ಮಾಡಿರಲಿಲ್ಲ. ನಿಮ್ಮಪ್ಪನ ವಿಷಯ ನಾನು ಎತ್ತಲೂ ಇಲ್ಲ.

ನೋಟಿಸ್ ಬಂದವನು

ಮೂಲ ಪ್ರಶ್ನೆಗೆ ಬರ್ತೀನಿ. ಕಟ್ ಆಗಿದ್ದು ಆಯ್ತು ಅಂತ ಬಿಟ್ಟುಬಿಡಿ. ಕಂಪನಿಗೆ ಕೊಡದ ಪ್ರೂಫನ್ನು ರಿಟರ್ನ್‌ನಲ್ಲಿ ಹಾಕಬಾರದು. ಫಾರ್ಮ್ 16ನಲ್ಲಿ ಇಲ್ಲದ್ದನ್ನು ಹಾಕಿದರೆ ನೋಟಿಸ್ ಗ್ಯಾರಂಟಿ, ನಾನು ಅನುಭವಿಸಿದ್ದೇನೆ. ಎಚ್‌ಆರ್‌ಎ ಕಂಪನಿಗೆ ಕೊಟ್ಟಿರಲಿಲ್ಲ, ರಿಟರ್ನ್‌ನಲ್ಲಿ 1,44,000 ಹಾಕಿದೆ, ಮೊದಲು ಮೆಸೇಜ್ ಬಂತು, ಆಮೇಲೆ ದಾಖಲೆ ಕೇಳಿದರು. ಆಡಿಟರ್‌ಗೆ 6,000 ಕೊಟ್ಟೆ, ಕೊನೆಗೆ ತೆರಿಗೆ, ಬಡ್ಡಿ ಎಲ್ಲ ಕಟ್ಟಿ ಕೈತೊಳೆದುಕೊಂಡೆ. ಆ ಮೂರು ತಿಂಗಳು ನಿದ್ದೆ ಮಾಡಿಲ್ಲ.

ಪೇರೋಲ್ ಟೇಬಲ್

ಬಾಡಿಗೆ ಯಾರಿಗೆ ಕೊಡುತ್ತಿದ್ದಿರಿ, ಹೇಗೆ ಕೊಡುತ್ತಿದ್ದಿರಿ ಅಂತ ಸ್ವಲ್ಪ ಹೇಳಿ.

ನೋಟಿಸ್ ಬಂದವನು

ನಮ್ಮ ತಂದೆಗೆ. ಮನೆ ಅವರ ಹೆಸರಲ್ಲಿದೆ. ಕೈಗೇ ಕೊಡುತ್ತಿದ್ದೆ. ಮಗ ಅಪ್ಪನಿಗೆ ಕೊಟ್ಟಿದ್ದಕ್ಕೆ ಅಗ್ರಿಮೆಂಟ್ ಮಾಡಿಸಬೇಕಾ?

ಪೇರೋಲ್ ಟೇಬಲ್

ಮಾಡಿಸಬೇಕು ಸಾರ್, ಬ್ಯಾಂಕಿನ ಮೂಲಕ ಕೊಡಬೇಕು, ಅವರು ತಮ್ಮ ಆದಾಯದಲ್ಲಿ ಅದನ್ನು ತೋರಿಸಬೇಕು. ನಿಮಗೆ ಏಟು ಬಿದ್ದಿದ್ದು ದಾಖಲೆ ಇಲ್ಲದ್ದಕ್ಕೆ. ಫಾರ್ಮ್ 16ಕ್ಕೂ ರಿಟರ್ನ್‌ಗೂ ದೊಡ್ಡ ವ್ಯತ್ಯಾಸ ಇದ್ದರೆ ಕೇಳುತ್ತಾರೆ ಅನ್ನುವುದು ನಿಜ. ಕೇಳಿದಾಗ ಕೊಡಲು ಕಾಗದ ಇದ್ದರೆ ಹೆದರುವುದಕ್ಕೆ ಏನೂ ಇಲ್ಲ. ಕಂಪನಿಗೆ ಕೊಡದಿದ್ದರೂ 80ಸಿ, 80ಡಿ, ಎಚ್‌ಆರ್‌ಎ ಮೂರನ್ನೂ ರಿಟರ್ನ್‌ನಲ್ಲಿ ಕೇಳಬಹುದು. "ಗ್ಯಾರಂಟಿ ನೋಟಿಸ್" ಅಂತ ಬರೆದು ಜನರನ್ನು ಹೆದರಿಸಬೇಡಿ.

ಗದಗ ಟೀಚರ್

ನಾ ಸರ್ಕಾರಿ ಸಾಲಿ ಟೀಚರ್ ರೀ. ಮೇಡಮ್ಮಾರು ಹೇಳೋದು ಖರೇ ಐತಿ, ನನಗ ವಾಪಸ್ ಬಂದೈತಿ. ನಮ್ಮ ಕಡೆ ಮಾರ್ಚ್ ಪಗಾರ ಏಪ್ರಿಲ್‌ನಾಗ ಬರ್ತದ, ಹಿಂಗಾಗಿ ಲೆಕ್ಕ ಮಾರ್ಚ್‌ದಿಂದ ಫೆಬ್ರವರಿಗೆ. ನಿಮ್ಮಂಗ ಮೂರು ತಿಂಗಳ ಹಂಚೂದು ಇಲ್ಲ, ಇದ್ದದ್ದೆಲ್ಲ ಫೆಬ್ರವರಿ ಬಿಲ್‌ನಾಗ. ಹ್ವಾದ ವರ್ಷ ಬ್ಯಾಂಕಿನವ್ರು ಮನಿ ಸಾಲದ ಬಡ್ಡಿ ಸರ್ಟಿಫಿಕೇಟ್ ಕೊಡಾಕ ತಡಾ ಮಾಡಿದ್ರು. "ನಾಳೆ ಬರ್ರಿ, ಸಿಸ್ಟಮ್ ಇಲ್ಲ, ಮ್ಯಾನೇಜರ್ ರಜಾ" ಅಂತ ಇದೇ ಹಾಡು. ನಮ್ಮ ಪಗಾರ ಬಿಲ್ ಮಾಡೋ ಡಿಡಿಒ ಸಾಹೇಬ್ರು ಕಾಗದ ಇಲ್ಲಂದ್ರ ಆಗಂಗಿಲ್ಲ ಅಂದ್ರು. ಎರಡು ಲಕ್ಷದ ಬಡ್ಡಿ ಲೆಕ್ಕದಾಗಿಂದ ಹೋತು, 41,600 ಒಮ್ಮೆಲೇ ಕಡದ್ರು. ಅದರ ಮ್ಯಾಲ ಕೆಜಿಐಡಿ, ಸೊಸೈಟಿ ಸಾಲದ ಕಂತು. ಆ ತಿಂಗಳ ಕಿರಾಣಿ ಅಂಗಡಿ ಉದ್ರಿ ಮ್ಯಾಲೆ ನಡೀತು ನಮ್ಮ ಮನಿ. ಜುಲೈದಾಗ ರಿಟರ್ನ್‌ನಾಗ ಬಡ್ಡಿ ತೋರಿಸಿದ್ವಿ, ಆಗಸ್ಟ್‌ದಾಗ ಅಕೌಂಟಿಗೆ ಬಂತು. ನೋಟಿಸ್ ಗೀಟಿಸ್ ಏನೂ ಇಲ್ಲ. ಸರ್ಟಿಫಿಕೇಟ್ ಇನ್ನೂ ಟ್ರಂಕಿನಾಗ ಇಟ್ಟೀನಿ.

ದಾದರ್ ಕನ್ನಡಿಗ

ಎಚ್‌ಆರ್‌ಎ ಮಾತು ಬಂದಿದ್ದರಿಂದ ಹೇಳ್ತೀನಿ, ಮುಂಬೈಯಲ್ಲಿ ನಮಗೆ ಬೇಸಿಕ್‌ನ ಅರ್ಧದವರೆಗೆ ಲೆಕ್ಕ. ಬೆಂಗಳೂರಿಗೆ 2025-26ರ ಲೆಕ್ಕದಲ್ಲಿ ಶೇ. 40 ಮಾತ್ರ.

ಕೊಪ್ಪದ ಹುಡುಗ

ಇದನ್ನೇ ನಾನು ಎಲ್ಲರ ಹತ್ತಿರ ಹೇಳುವುದು! ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಶೇ. 50. ನಮ್ಮೂರು ತೆರಿಗೆ ಕಟ್ಟುವಾಗ ದೊಡ್ಡ ಊರು, ವಿನಾಯಿತಿ ಕೊಡುವಾಗ ಸಣ್ಣ ಊರು. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಊರಿದು.

ದಾದರ್ ಕನ್ನಡಿಗ

ನಿಮಗೆ ಸಿಗುತ್ತಿರುವ ಎಚ್‌ಆರ್‌ಎನೇ ಬೇಸಿಕ್‌ನ ಶೇ. 40. ಮಿತಿ 50 ಆದರೂ ನಿಮಗೆ ಒಂದು ರೂಪಾಯಿ ವ್ಯತ್ಯಾಸ ಆಗಲ್ಲ. ದಾದರ್‌ನಲ್ಲಿ ಒಂದು ರೂಮ್ ಬಾಡಿಗೆ ಕೇಳಿ ನೋಡಿ, ಆಮೇಲೆ ಊರು ಹೋಲಿಸಿ.

ಕೊಪ್ಪದ ಹುಡುಗ

ನನ್ನದೊಬ್ಬನದಲ್ಲ, ಊರಿನ ಮಾತು ಆಡ್ತಿರೋದು.

ಚೌಕದ ಲೆಕ್ಕ

ಎಲ್ಲರೂ ತಮ್ಮ ತಮ್ಮ ಮಾತು ಹೇಳುತ್ತಿದ್ದೀರಿ, ಕೇಳಿದವರು ಕೊಟ್ಟ ಅಂಕಿಗಳನ್ನು ಯಾರೂ ನೋಡಲಿಲ್ಲ. ನಾನು ಪೇಪರ್ ತಗೊಂಡು ಕೂತೆ.

ಅವರು ಹೇಳಿದ್ದನ್ನೆಲ್ಲ ಕಂಪನಿ ಒಪ್ಪಿಕೊಂಡಿತ್ತು ಅಂದುಕೊಳ್ಳಿ. 12 ಲಕ್ಷದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500, ಎಚ್‌ಆರ್‌ಎ 2,04,000, ಪಿಎಫ್ ಸೇರಿ 80ಸಿ ಒಂದೂವರೆ ಲಕ್ಷ, ಹೆಲ್ತ್ 25,000 ಹೋಗಿ 7,68,500 ಉಳಿಯುತ್ತದೆ. ಅದಕ್ಕೆ ಸೆಸ್ ಸೇರಿ 68,848 ತೆರಿಗೆ, ತಿಂಗಳಿಗೆ 5,737. ಲಕ್ಷದಲ್ಲಿ ಅದನ್ನೂ 6,000 ಪಿಎಫ್, 200 ವೃತ್ತಿ ತೆರಿಗೆಯನ್ನೂ ಕಳೆದರೆ ಅವರು ಹೇಳಿದ 88,063 ಸರಿಯಾಗಿ ಬರುತ್ತದೆ.

ಪ್ರೂಫ್ ಬರದಿದ್ದಾಗ ಪಿಎಫ್ ಮಾತ್ರ ಉಳಿಯಿತು, ಅದು ಕಂಪನಿಯ ಲೆಕ್ಕದಲ್ಲೇ ಇರುವುದರಿಂದ ರಸೀದಿ ಬೇಡ. ಆದಾಯ 10,75,500ಕ್ಕೆ ಏರಿತು, ಮೇಲಿನ ತುದಿ ಶೇ. 30ರ ಸ್ಲ್ಯಾಬಿಗೆ ಹತ್ತಿತು, ವರ್ಷದ ತೆರಿಗೆ 1,40,556 ಆಯಿತು. ಡಿಸೆಂಬರ್‌ವರೆಗೆ ಹಿಡಿದಿದ್ದು ಸುಮಾರು 51,630. ಉಳಿದಿದ್ದನ್ನು ಮೂರು ಭಾಗ ಮಾಡಿದರೆ ತಿಂಗಳಿಗೆ 29,641. ಜನವರಿಯ 64,159 ಬಂದಿದ್ದು ಹೀಗೆ. ಫೆಬ್ರವರಿಗೆ ಇನ್ನೂ ನೂರು ರೂಪಾಯಿ ಕಡಿಮೆ ಬರುತ್ತದೆ, ಕರ್ನಾಟಕದಲ್ಲಿ ಆ ತಿಂಗಳ ವೃತ್ತಿ ತೆರಿಗೆ 300. ಇದೇ ಬಾಕಿ ಪೂರ್ತಿ ಮಾರ್ಚ್‌ಗೆ ಬಿದ್ದಿದ್ದರೆ ಒಂದೇ ತಿಂಗಳಲ್ಲಿ 77,445 ಹೋಗಿ ಕೈಗೆ 16 ಸಾವಿರ ಚಿಲ್ಲರೆ ಬರುತ್ತಿತ್ತು.

ಈಗ ಮುಖ್ಯ ಮಾತು. 2025-26ಕ್ಕೆ ಹೊಸ ರಿಜೀಮ್‌ನಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000. 12 ಲಕ್ಷದಲ್ಲಿ ಅದನ್ನು ಕಳೆದರೆ 11,25,000. 12 ಲಕ್ಷದೊಳಗೆ ಇದ್ದರೆ 87ಎ ರಿಬೇಟ್‌ನಿಂದ ತೆರಿಗೆ ಸೊನ್ನೆ. ಹಳೆ ರಿಜೀಮ್‌ನಲ್ಲಿ ಸೊನ್ನೆ ಮಾಡಬೇಕಾದರೆ ಆದಾಯವನ್ನು 5 ಲಕ್ಷಕ್ಕೆ ಇಳಿಸಬೇಕು, ಅಂದರೆ 7 ಲಕ್ಷ ಕಡಿತ ತೋರಿಸಬೇಕು. ಇವರ ಹತ್ತಿರ ಎಲ್ಲ ಸೇರಿ ಇರುವುದು 4,31,500. ಹಾಗಾಗಿ ರಸೀದಿ ಹುಡುಕುವುದು, ಓನರ್ ಕಾಲು ಹಿಡಿಯುವುದು ಯಾವುದೂ ಈ ವರ್ಷ ಇವರಿಗೆ ಬೇಕಿಲ್ಲ. ಕಂಪನಿಗೆ ಹಳೆಯದು ಅಂತ ಹೇಳಿದ್ದರೂ ಸಂಬಳದಾರರು ರಿಟರ್ನ್ ಹಾಕುವಾಗ ಹೊಸದನ್ನು ಆರಿಸಬಹುದು. ಹಿಡಿದ 1,40,556 ಪೂರ್ತಿ ವಾಪಸ್.

ಯಶವಂತಪುರ ಪ್ಯಾಸೆಂಜರ್

ಮೇಡಂ, ನಿಜವಾಗಿಯೂ ಪೂರ್ತಿ? ಹಿಂದಿನ ವರ್ಷ ಹಳೆಯದರಲ್ಲಿ ಸ್ವಲ್ಪ ಉಳಿತಾಯ ಇತ್ತು, ಅದಕ್ಕೇ ಈ ವರ್ಷವೂ ಅದನ್ನೇ ಮುಂದುವರಿಸಿದ್ದೆ. ಫಾರ್ಮ್ 16ನಲ್ಲಿ ಹಳೆ ರಿಜೀಮ್ ಅಂತಲೇ ಬರುತ್ತಲ್ಲ, ತೊಂದರೆ ಆಗಲ್ವಾ?

ಚೌಕದ ಲೆಕ್ಕ

ಆಗಲ್ಲ. ರಿಟರ್ನ್‌ನಲ್ಲಿ ಹೊಸ ರಿಜೀಮ್‌ನಿಂದ ಹೊರಗೆ ಹೋಗುತ್ತೀರಾ ಅಂತ ಕೇಳುತ್ತದೆ, ಇಲ್ಲ ಅನ್ನಿ. ಆಗ ಎಚ್‌ಆರ್‌ಎ, 80ಸಿ ಯಾವುದನ್ನೂ ತುಂಬಬೇಡಿ, ವೃತ್ತಿ ತೆರಿಗೆಯನ್ನೂ ಅಷ್ಟೆ. ಮಾರ್ಚ್‌ವರೆಗಿನ ಕಡಿತ ನಿಮ್ಮ ಹೆಸರಲ್ಲಿ ಜಮಾ ಆದ ತೆರಿಗೆಯ ಪಟ್ಟಿಯಾದ 26ASನಲ್ಲಿ ಕಾಣುವುದು ಕಂಪನಿ 24Q ಹಾಕಿದ ಮೇಲೆ, ಸಾಮಾನ್ಯವಾಗಿ ಜೂನ್‌ನಲ್ಲಿ. ಅಲ್ಲಿ 1,40,556 ಪೂರ್ತಿ ಬಂದಿದೆಯಾ ನೋಡಿಕೊಂಡೇ ಹಾಕಿ, ಕೊನೇ ದಿನದೊಳಗೆ ಹಾಕಿ, 30 ದಿನದೊಳಗೆ ಇ-ವೆರಿಫೈ ಮಾಡಿ. ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿರಬೇಕು, ಇಲ್ಲದಿದ್ದರೆ ರಿಫಂಡ್ ಬರದೆ ನಿಲ್ಲುತ್ತದೆ. ಹೊತ್ತಿಗೆ ಹಾಕಿದರೆ ಏಪ್ರಿಲ್‌ನಿಂದ ತಿಂಗಳಿಗೆ ಶೇ. ಅರ್ಧ ಬಡ್ಡಿಯೂ ಸಿಗುತ್ತದೆ, ನಿಮ್ಮ ಮೊತ್ತಕ್ಕೆ ತಿಂಗಳಿಗೆ 700 ರೂ. ಹತ್ತಿರ.

ಒಂದು ವಿಷಯ ನೋಡಿಕೊಳ್ಳಿ. ಸಂಬಳದ ಜೊತೆ ಎಫ್‌ಡಿ ಬಡ್ಡಿ 75,000ದವರೆಗೆ ಇದ್ದರೂ ಸೊನ್ನೆಯೇ. ಆದರೆ ಷೇರು ಮಾರಿದ ಲಾಭಕ್ಕೆ ಈ ರಿಬೇಟ್ ಹಿಡಿಯುವುದಿಲ್ಲ.

ನೋಟಿಸ್ ಬಂದವನು

ಒಂದೂವರೆ ಲಕ್ಷ ರಿಫಂಡ್ ಕೇಳಿದರೆ ಕಣ್ಣು ಬೀಳಲ್ವಾ? ನಾನಾದರೆ ಹೋಗಲ್ಲ.

ಚೌಕದ ಲೆಕ್ಕ

ಇಲ್ಲಿ ಇವರು ಯಾವ ವಿನಾಯಿತಿಯನ್ನೂ ಕೇಳುತ್ತಿಲ್ಲವಲ್ಲ ಅಣ್ಣ. ತೋರಿಸಬೇಕಾದ ರಸೀದಿಯೇ ಇಲ್ಲ. ಸಂಬಳ, ಕಡಿತ ಎರಡೂ ಕಂಪನಿಯೇ ಸರ್ಕಾರಕ್ಕೆ ಕೊಟ್ಟ ಅಂಕಿ.

ಯಶವಂತಪುರ ಪ್ಯಾಸೆಂಜರ್

ಎಚ್‌ಆರ್‌ಗೆ ಈಗಷ್ಟೇ ಕೇಳಿದೆ, ಫೆಬ್ರವರಿಯಿಂದ ಹೊಸದಕ್ಕೆ ಬದಲಿಸಿ ಕಡಿತ ನಿಲ್ಲಿಸಿ ಅಂತ. ವರ್ಷದ ಮಧ್ಯೆ ಆಗಲ್ಲ, ಲಾಕ್ ಆಗಿದೆ ಅಂದರು. ಅಪ್ಪನ ಆಸ್ಪತ್ರೆ ಬಾಕಿ ಇನ್ನೂ ಇದೆ, ಜುಲೈವರೆಗೆ ಕಾಯುವುದು ಕಷ್ಟ.

ದಾದರ್ ಕನ್ನಡಿಗ

ಲಾಕ್ ಅನ್ನುವುದು ಅವರು ಮಾಡಿಕೊಂಡ ನಿಯಮ. ನಮ್ಮ ಕಂಪನಿಯಲ್ಲಿ ಪ್ರೂಫ್ ಕೊಡುವಾಗ ರಿಜೀಮ್ ಬದಲಿಸಲು ಬಿಡುತ್ತಾರೆ. ಮೇಲ್ ಹಾಕಿ, ಮೇಲಿನವರನ್ನೂ ಸೇರಿಸಿ.

ಪೇರೋಲ್ ಟೇಬಲ್

ನಿಮ್ಮಲ್ಲಿ ಬಿಡಬಹುದು, ನಮ್ಮಲ್ಲಿ ಬಿಡುವುದಿಲ್ಲ. ಒಬ್ಬರಿಗೆ ತೆರೆದರೆ ನಾಳೆ ಮುನ್ನೂರು ಜನ ಬರುತ್ತಾರೆ. ಆದರೆ @ಯಶವಂತಪುರ ಪ್ಯಾಸೆಂಜರ್, ನಿಮ್ಮ ಬಾಡಿಗೆ, ಎಲ್‌ಐಸಿ, ಫೀ ರಸೀದಿಗಳು ಕೈಯಲ್ಲಿದ್ದರೆ ತಡವಾದರೂ ಪ್ರೂಫ್ ತಗೊಳ್ಳುತ್ತೀರಾ ಅಂತ ಬೇರೆ ಕೇಳಿ. ರಿಜೀಮ್ ಬದಲಾವಣೆಗೆ ಇಲ್ಲ ಅನ್ನುವವರು ಮಾರ್ಚ್ ಪೇರೋಲ್‌ಗೆ ಮುಂಚೆ ಪೋರ್ಟಲ್ ಇನ್ನೊಂದು ಸಲ ತೆರೆಯುವುದುಂಟು. ಫೆಬ್ರವರಿ ಸಂಬಳಕ್ಕೆ ಮುಂಚೆ ಒಪ್ಪಿಕೊಂಡರೆ ನಿಮ್ಮ ವರ್ಷದ ತೆರಿಗೆ 68,848ಕ್ಕೆ ಇಳಿಯುತ್ತದೆ. ಜನವರಿವರೆಗೆ 81 ಸಾವಿರ ಹಿಡಿದಾಗಿದೆ, ಹಾಗಾಗಿ ಫೆಬ್ರವರಿ ಮಾರ್ಚ್ ಎರಡೂ ತಿಂಗಳು ತೆರಿಗೆ ಕಡಿತವೇ ಇರಲ್ಲ. ಕೈಗೆ 93 ಸಾವಿರ ಬರುತ್ತದೆ. ಉಳಿದಿದ್ದು ರಿಟರ್ನ್‌ನಲ್ಲಿ ಹೊಸ ರಿಜೀಮ್ ಹಾಕಿ ತಗೊಳ್ಳಿ.

ಯಶವಂತಪುರ ಪ್ಯಾಸೆಂಜರ್

ರಸೀದಿ ಎಲ್ಲ ಇದೆ, ಓನರ್ ಪ್ಯಾನ್ ಸಹ ಇದೆ. ನಾಳೆ ಬೆಳಿಗ್ಗೆಯೇ ಕೇಳುತ್ತೇನೆ.

ಕೊಪ್ಪದ ಹುಡುಗ

ನಿಮ್ಮ ಓನರ್ ಕೇಳಿದ ತಕ್ಷಣ ಪ್ಯಾನ್ ಕೊಟ್ಟರಾ? ಬಾಡಿಗೆ ಏರಿಸಲಿಲ್ವಾ? ಯಾವ ಏರಿಯಾ ಸಾರ್?

ಗದಗ ಟೀಚರ್

ಚೌಕದ ಲೆಕ್ಕ ಅಕ್ಕಾರ, ನಂದು ಮನಿ ಸಾಲದ ಬಡ್ಡಿ ಐತಿ, ಪಗಾರ ತಿಂಗಳಿಗೆ 85,000. ನಾನೂ ಹೊಸದಕ್ಕ ಹೋದ್ರ ಈ ಸಲ ಸೊನ್ನೆ ಆಗ್ತದೇನ್ರಿ? ಡಿಡಿಒ ಸಾಹೇಬ್ರು ಫೆಬ್ರವರಿ ಬಿಲ್ ಈ ವಾರ ಮಾಡ್ತಾರ.

ಚೌಕದ ಲೆಕ್ಕ

ಆಗುತ್ತೆ ಟೀಚರ್. ವರ್ಷಕ್ಕೆ 10,20,000, ಅರಿಯರ್ಸ್ ಏನಾದರೂ ಬಂದಿದ್ದರೆ ಅದನ್ನೂ ಸೇರಿಸಿ 12,75,000 ದಾಟಬಾರದು ಅಷ್ಟೆ. ಬಿಲ್ ಆಗುವ ಮುಂಚೆ ಸಾಹೇಬರಿಗೆ ಕಾಗದದಲ್ಲಿ ಬರೆದು ಕೊಡಿ, ಬಾಯಿ ಮಾತಲ್ಲಿ ಹೇಳಬೇಡಿ.